ಚೌತಿಯ ಪೆಟ್ಟಿಗೆ ಏಪ್ರಿಲ್‌ನಲ್ಲೇ ಶುರುವಾಗುತ್ತದೆ

"ಅಕ್ಕಾ, ನಾನು ಮಂಗಳೂರು ಬಿಜೈಯವಳು. ಗಂಡನಿಗೆ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದೆ, ಜುಲೈಯಲ್ಲಿ ಹೊರಡುತ್ತೇವೆ. ಅಲ್ಲಿಯ ಜೀವನ ಹೇಗೆ? ನಮ್ಮ ಊರಿನವರಿಗೆ ಊರ ತಿಂಡಿ, ಹಬ್ಬದ ಸಾಮಾನು, ಮಕ್ಕಳಿಗೆ ಕನ್ನಡ ಕ್ಲಾಸ್, ಎಲ್ಲ ಸೇರಿಸಿ ಸಣ್ಣದೊಂದು ವ್ಯಾಪಾರ ಮಾಡಬೇಕು ಅಂತ ಆಸೆ. ನಡೆಯುತ್ತದಾ?"

ನಡೆಯುತ್ತದೆ. ಆದರೆ ಮೂರನ್ನೂ ಒಟ್ಟಿಗೆ ಹಿಡಿಯಬೇಡಿ. ಒಂದು ಹಬ್ಬದ ಒಂದು ಪೆಟ್ಟಿಗೆಯಿಂದ ಶುರು ಮಾಡಿ. ನಾನು ಹಾಗೇ ಮಾಡಿದ್ದು. ಈಗ ಈ ಉತ್ತರ ಬರೆಯುತ್ತಿರುವುದು ಕಟಪಾಡಿಯ ಮನೆಯ ಜಗಲಿಯಲ್ಲಿ ಕೂತು. ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿದೆ. ಅತ್ತಿಗೆ ಮತ್ತು ನೆರೆಮನೆಯ ನಾಲ್ಕು ಜನ ಹೆಂಗಸರು ಒತ್ತುತ್ತಿದ್ದಾರೆ. ಇದು ಚೌತಿಗೆ ಜರ್ಮನಿಗೆ ಹೋಗುವ ಸಾಮಾನು. ಏಪ್ರಿಲ್‌ನಲ್ಲಿ ಯಾಕೆ ಅಂತ ನಿಮಗೆ ಬೇರೆ ಹೇಳಬೇಕಾ? ನಮ್ಮ ಕಡೆ ಜೂನ್ ಮೊದಲ ವಾರಕ್ಕೆ ಮಳೆ ಹಿಡಿದರೆ ಮತ್ತೆ ಬಿಸಿಲು ಇಲ್ಲ. ಹಪ್ಪಳ, ಮಾಂಬಳ, ಪುನರ್ಪುಳಿ ಸಿಪ್ಪೆ ಎಲ್ಲ ಮೇ ಮುಗಿಯುವುದರೊಳಗೆ ಡಬ್ಬಿ ಸೇರಬೇಕು. ಜುಲೈಯಲ್ಲಿ ಎಚ್ಚೆತ್ತು ಹಪ್ಪಳ ಹುಡುಕಲು ಹೋದರೆ ಅಂಗಡಿಯ ಹಪ್ಪಳ ಸಿಗುತ್ತದೆ. ಅದು ಅಲ್ಲಿಯ ಇಂಡಿಯನ್ ಅಂಗಡಿಯಲ್ಲೂ ಇದೆ.

ಮೊದಲು ವೀಸಾದ ವಿಷಯ, ಯಾಕೆಂದರೆ ಇದರಲ್ಲಿ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ನಿಮ್ಮವರು ಬ್ಲೂ ಕಾರ್ಡ್‌ನಲ್ಲಿ ಬರುತ್ತಾರಾದರೆ ಅದು ನೌಕರಿಗೆ ಕೊಟ್ಟ ಪರವಾನಗಿ. ಅವರ ಹೆಸರಿನಲ್ಲಿ ವ್ಯಾಪಾರ ಮಾಡಲು ವಿದೇಶಿಯರ ಕಚೇರಿಯಿಂದ ಬೇರೆ ಅನುಮತಿ ಬೇಕು. ಆದರೆ ಹೆಂಡತಿಯಾಗಿ ಬರುವ ನಿಮ್ಮ ಪರವಾನಗಿಯಲ್ಲಿ ಕೆಲಸಕ್ಕೂ ಸ್ವಂತ ವ್ಯಾಪಾರಕ್ಕೂ ಅವಕಾಶ ಇರುತ್ತದೆ. ಕಾರ್ಡ್ ಕೈಗೆ ಬಂದಾಗ 'Erwerbstätigkeit erlaubt' ಎಂಬ ಸಾಲು ಇದೆಯಾ ನೋಡಿಕೊಳ್ಳಿ. ಇದ್ದರೆ ಅಲ್ಲಿಯ ನಗರಸಭೆಯಲ್ಲಿ ನಿಮ್ಮ ಹೆಸರಿನಲ್ಲೇ 'Gewerbe', ಅಂದರೆ ವ್ಯಾಪಾರದ ನೋಂದಣಿ ಮಾಡಬಹುದು. ಅದು ಕಷ್ಟದ ಕೆಲಸ ಅಲ್ಲ, ಸಣ್ಣ ಶುಲ್ಕ ಅಷ್ಟೇ.

ಇನ್ನು ಯಾರು ಕೊಳ್ಳುತ್ತಾರೆ ಎಂಬ ಪ್ರಶ್ನೆ. ನಾನು ಮೊದಲು ಎಣಿಸಿದ್ದು, ಅಲ್ಲಿ ನಮ್ಮ ಊರಿನವರ ಎಪ್ಪತ್ತು ಮನೆ ಗೊತ್ತಿದೆ, ಅರವತ್ತಾದರೂ ತೆಗೆದುಕೊಳ್ಳುತ್ತಾರೆ ಅಂತ. ಒಬ್ಬೊಬ್ಬರಿಗೇ ಫೋನ್ ಮಾಡಿದ ಮೇಲೆ ಗೊತ್ತಾಯಿತು, ಶಾಲೆಗೆ ಹೋಗುವ ಮಕ್ಕಳಿರುವ ಮನೆಯವರಲ್ಲಿ ಹೆಚ್ಚಿನವರು ಚೌತಿಗೆ ಊರಲ್ಲೇ ಇರುತ್ತಾರೆ! ಸ್ಟುಟ್‌ಗಾರ್ಟ್ ಕಡೆ ಬೇಸಿಗೆ ರಜೆ ಜುಲೈ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ. ಊರಿಗೆ ಹೋಗುವುದು ಆಗಲೇ. ಉಳಿಯುವವರು ಸಣ್ಣ ಮಗು ಇರುವವರು, ಬಸುರಿಯರು, ಆ ವರ್ಷವೇ ಬಂದ ನಿಮ್ಮಂಥವರು, ಓದಲು ಬಂದ ಹುಡುಗ ಹುಡುಗಿಯರು. ಹಬ್ಬದ ದಿನ ತುಂಬಾ ಒಂಟಿತನ ಅನಿಸುವುದು ಇವರಿಗೇ. 2025ರಲ್ಲಿ ಚೌತಿ ಬುಧವಾರ ಬಂತು. ಅಲ್ಲಿ ಅದು ಮಾಮೂಲಿ ಕೆಲಸದ ದಿನ. ಬೆಳಿಗ್ಗೆ ಒಂದು ದೀಪ ಹಚ್ಚಿ ಆಫೀಸಿಗೆ ಹೋಗಿ, ಶನಿವಾರ ನಾಲ್ಕು ಮನೆಯವರು ಸೇರಿ ಹಬ್ಬ ಮಾಡುತ್ತಾರೆ. ಅಲ್ಲಿಯ ಜೀವನ ಹೇಗೆ ಅಂತ ಕೇಳಿದಿರಲ್ಲ, ದೊಡ್ಡ ಬದಲಾವಣೆ ಇದೇ. ಹಬ್ಬ ತಾನಾಗಿ ಬರುವುದಿಲ್ಲ. ಬೀದಿಯಲ್ಲಿ ಹೂ ಮಾರುವವರಿಲ್ಲ, ಮೈಕಿನ ಸದ್ದಿಲ್ಲ. ನಾವೇ ಕರೆದು ತರಬೇಕು.

ನಮ್ಮವರ ಹಬ್ಬದ ಲೆಕ್ಕವೇ ಬೇರೆ ಎನ್ನುವುದು ನಿಮಗೆ ಅನುಕೂಲ. ಯುಗಾದಿಗೆ ಬೇವು ಬೆಲ್ಲ ಕಳಿಸುವವರು ಇದ್ದಾರೆ. ಆದರೆ ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಹೊಸ ವರ್ಷ ಅಂದರೆ ಏಪ್ರಿಲ್ ನಡುವಿನ ಬಿಸು, ಕಣಿ ಇಡುವ ದಿನ. ಅಷ್ಟಮಿಯೂ ಹಾಗೆ. ಉಡುಪಿಯಲ್ಲಿ ಸೌರಮಾನ. 2025ರಲ್ಲಿ ಬೇರೆ ಕಡೆ ಆಗಸ್ಟ್ 16ಕ್ಕೆ ಕೃಷ್ಣಾಷ್ಟಮಿ ಆದರೆ ಕೃಷ್ಣ ಮಠದಲ್ಲಿ ಸೆಪ್ಟೆಂಬರ್ 14ಕ್ಕೆ, ಮರುದಿನ ವಿಟ್ಲಪಿಂಡಿ. ಅಂಥ ವರ್ಷ ಆಗಸ್ಟ್ 20ರ ಒಳಗೆ ಮನೆ ತಲುಪಿದ ಒಂದೇ ಪೆಟ್ಟಿಗೆ ಚೌತಿಗೂ ಆಗುತ್ತದೆ, ನಮ್ಮ ಅಷ್ಟಮಿಗೂ ಆಗುತ್ತದೆ. ಬೇರೆ ಊರಿನವರು ಮಾಡುವ ಹಬ್ಬದ ಪೆಟ್ಟಿಗೆಯಲ್ಲಿ ಈ ಲೆಕ್ಕ ಇರುವುದಿಲ್ಲ.

ಮೊದಲ ವರ್ಷ ನನಗೆ ಏನೇನು ಆಯಿತು ಅಂತ ಪೂರ್ತಿ ಹೇಳುತ್ತೇನೆ. ನಲವತ್ತು ಪೆಟ್ಟಿಗೆ ಮಾಡಿದೆವು. ಒಂದೊಂದರಲ್ಲೂ ಚಕ್ಕುಲಿ, ತುಪ್ಪದ ಹೆಸರಿಟ್ಟಿನ ಉಂಡೆ, ಎಳ್ಳುಂಡೆ, ಹಪ್ಪಳ, ಪುನರ್ಪುಳಿ, ಅರಸಿನ ಎಲೆಯ ಒಂದು ಕಟ್ಟು, ಒಂದು ಪೂಜೆ ಚೀಲ. ಪ್ರತಿ ಪೆಟ್ಟಿಗೆಯನ್ನೂ ಬೇರೆ ಬೇರೆ ವಿಳಾಸಕ್ಕೆ ಊರಿಂದಲೇ ಕೊರಿಯರ್ ಮಾಡಿದೆವು. ಪೂಜೆ ಚೀಲದಲ್ಲಿ ಒಂದು ಸಣ್ಣ ಡಬ್ಬಿ ಕರ್ಪೂರ ಇತ್ತು. ಕರ್ಪೂರ ವಿಮಾನ ಸಾಗಣೆಯ ನಿಯಮದಲ್ಲಿ ಬೆಂಕಿ ಹಿಡಿಯುವ ಅಪಾಯಕಾರಿ ವಸ್ತು, 'UN 2717' ಅಂತ ಅದಕ್ಕೆ ನಂಬರೇ ಇದೆ. ನಲವತ್ತೂ ಪೆಟ್ಟಿಗೆ ಸ್ಕ್ಯಾನಿಂಗ್‌ನಲ್ಲಿ ನಿಂತವು. ಬಿಚ್ಚಿ, ತೆಗೆದು, ಮತ್ತೆ ಕಟ್ಟಲು ಆರು ದಿನ ಹೋಯಿತು. ಹನ್ನೊಂದು ಮನೆಗೆ ಪೆಟ್ಟಿಗೆ ಮುಟ್ಟಿದ್ದು ಚೌತಿ ಕಳೆದ ಮೇಲೆ. ಒಬ್ಬಳು ಬಾಣಂತಿ ಫೋನ್ ಮಾಡಿ ಏನೂ ಬೈಯದೆ, "ಅಕ್ಕಾ, ಮುಂದಿನ ವರ್ಷ ಸ್ವಲ್ಪ ಬೇಗ ಕಳಿಸಿ" ಅಂದಳು. ಅವತ್ತು ನನಗೆ ಅಳು ಬಂದಿತ್ತು.

ಮುಟ್ಟಿದವರಿಗೂ ತೊಂದರೆ ಆಯಿತು. 2021ರ ಜುಲೈಯಿಂದ ಯುರೋಪಿಗೆ ಬರುವ ಮಾರಾಟದ ಪಾರ್ಸೆಲ್ ಎಷ್ಟು ಸಣ್ಣದಿದ್ದರೂ ತೆರಿಗೆ ಇದೆ. ಅದರ ಮೇಲೆ ಕೊರಿಯರ್‌ನವರ ಶುಲ್ಕ. ದುಡ್ಡು ಕೊಟ್ಟು ತರಿಸಿದ ಪೆಟ್ಟಿಗೆಗೆ ಬಾಗಿಲಲ್ಲಿ ಮತ್ತೆ ದುಡ್ಡು ಕೇಳಿದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ಗಿಫ್ಟ್ ಅಂತ ಬರೆದು ಕಳಿಸಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಮಾಡಬೇಡಿ. ಗಿಫ್ಟಿನ ರಿಯಾಯಿತಿ ಮನೆಯವರು ಮನೆಯವರಿಗೆ ಕಳಿಸುವುದಕ್ಕೆ. ಮಾರಿದ ವಸ್ತುವಿಗೆ ಹಾಗೆ ಬರೆದರೆ ಸುಳ್ಳು ಹೇಳಿದಂತೆ.

ಅರಸಿನ ಎಲೆ ಹೋಗಲೇ ಇಲ್ಲ. 2019ರ ಡಿಸೆಂಬರ್ ನಂತರ ಯುರೋಪಿಗೆ ಹಸಿ ಎಲೆ, ಹೂ, ಹಣ್ಣು ಏನೇ ಹೋದರೂ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು. ತೆಂಗಿನಕಾಯಿ, ಬಾಳೆಹಣ್ಣು, ಅನಾನಸು, ಖರ್ಜೂರ, ಡುರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ. ಮಾವಿನ ಎಲೆ, ವೀಳ್ಯದೆಲೆ, ಕರಿಬೇವು, ನಮ್ಮ ಶಂಕರಪುರ ಮಲ್ಲಿಗೆ, ಯಾವುದೂ ಸುಮ್ನೆ ಪೆಟ್ಟಿಗೆಗೆ ಹಾಕುವಂತಿಲ್ಲ. ಈಗ ನಾನು ಎಲೆಯ ಆಸೆಯನ್ನೇ ಬಿಟ್ಟಿದ್ದೇನೆ. ಬದಲಿಗೆ ಮಾರ್ಚ್‌ನಲ್ಲಿ ಎಲ್ಲರಿಗೂ ಒಂದು ಮೆಸೇಜ್ ಕಳಿಸುತ್ತೇನೆ: ಅಲ್ಲಿಯ ತರಕಾರಿ ಅಂಗಡಿಯಲ್ಲಿ ಹಸಿ ಅರಸಿನ ಕೊಂಬು ಸಿಗುತ್ತದೆ, ಎರಡು ತಂದು ಕುಂಡದಲ್ಲಿ ಊರಿ, ಬೆಚ್ಚಗಿನ ಕಿಟಕಿ ಬಳಿ ಇಡಿ. ಮೊಳಕೆ ಬರಲು ತಿಂಗಳು, ಕೆಲವೊಮ್ಮೆ ಇನ್ನೂ ಜಾಸ್ತಿ ದಿನ ಹಿಡಿಯುತ್ತದೆ. ಆಗಸ್ಟ್‌ಗೆ ಗಟ್ಟಿ ಬೇಯಿಸುವಷ್ಟು ಎಲೆ ಬಂದಿರುತ್ತದೆ. ಇದರಲ್ಲಿ ನನಗೆ ಒಂದು ಪೈಸೆ ಲಾಭ ಇಲ್ಲ. ಆದರೆ ನಾಗರ ಪಂಚಮಿಗೆ ತಮ್ಮದೇ ಕುಂಡದ ಎಲೆಯಲ್ಲಿ ಗಟ್ಟಿ ಮಾಡಿದವರು ಚೌತಿ ಪೆಟ್ಟಿಗೆ ಬೇಡ ಅಂದದ್ದೇ ಇಲ್ಲ.

ಈಗ ತಿಂಡಿಯ ಮಾತು. ಇದನ್ನು ಸ್ವಲ್ಪ ನಿಧಾನಕ್ಕೆ ಹೇಳಬೇಕು, ಯಾಕೆಂದರೆ ಹೆಚ್ಚಿನವರು ಸೋಲುವುದು ಇಲ್ಲೇ.

ಜುಲೈಯ ಉಡುಪಿಯಲ್ಲಿ ಗಾಳಿಯೇ ಒದ್ದೆ. ಚಕ್ಕುಲಿ ಕರಿದು ರಾತ್ರಿ ಬುಟ್ಟಿಯಲ್ಲಿ ಮುಚ್ಚಿಟ್ಟು ಬೆಳಿಗ್ಗೆ ಪ್ಯಾಕ್ ಮಾಡಿದರೆ, ಅಷ್ಟರಲ್ಲೇ ಅದು ಗಾಳಿಯ ನೀರು ಕುಡಿದಿರುತ್ತದೆ. ಹಾಗಂತ ಬಿಸಿ ಇರುವಾಗಲೇ ಪೌಚಿಗೆ ಹಾಕಿದರೆ ಒಳಗೆ ಹಬೆ ಕಟ್ಟುತ್ತದೆ. ಎರಡೂ ತಪ್ಪು. ಮೊದಲ ವರ್ಷ ನಾವು ಎರಡನ್ನೂ ಮಾಡಿದ್ದೆವು. ನಮ್ಮದು ತೆಂಗಿನೆಣ್ಣೆಯ ಚಕ್ಕುಲಿ ಅಲ್ವಾ, ತೆಂಗಿನೆಣ್ಣೆಗೆ ನೀರಿನ ಪಸೆ ಸೇರಿದರೆ ಅದು ಒಡೆದು ಸಾಬೂನಿನ ರುಚಿ ಬರುತ್ತದೆ. ಬೇರೆ ಎಣ್ಣೆಯ ಕಮಟು ವಾಸನೆಗೂ ಇದಕ್ಕೂ ವ್ಯತ್ಯಾಸ ಇದೆ. ಮೂಗಿಗೆ ಗೊತ್ತಾಗುವುದಿಲ್ಲ, ನಾಲಿಗೆಗೆ ಗೊತ್ತಾಗುತ್ತದೆ. ಹಾಗಾಗಿ ಮೂಸಿ ನೋಡಿ ಪಾಸು ಮಾಡಬೇಡಿ, ತಿಂದು ನೋಡಿ. ಈಗ ಬೆಳಿಗ್ಗೆ ಕರಿದದ್ದನ್ನು ಫ್ಯಾನ್ ಕೆಳಗೆ ಆರಿಸಿ, ಕೈಗೆ ತಣ್ಣಗಾದ ಕೂಡಲೇ, ಅದೇ ಮಧ್ಯಾಹ್ನದೊಳಗೆ, ಅಲ್ಯೂಮಿನಿಯಂ ಪದರ ಇರುವ ಪೌಚಿಗೆ ತುಂಬಿ ನೈಟ್ರೋಜನ್ ಹಾಕಿ ಸೀಲ್ ಮಾಡುತ್ತೇವೆ. ಹಾಗೆ ಉಬ್ಬಿದ ಪೌಚ್ ಚಕ್ಕುಲಿ ಪುಡಿಯಾಗದಂತೆ ದಿಂಬಿನ ಕೆಲಸವನ್ನೂ ಮಾಡುತ್ತದೆ.

ಯಾವ ತಿಂಡಿಯನ್ನೂ ಪರೀಕ್ಷೆ ಮಾಡದೆ ಕಳಿಸಬೇಡಿ. ಪರೀಕ್ಷೆ ದೊಡ್ಡದೇನಲ್ಲ. ಎಂಟು ಪೌಚ್ ಮಾಡಿ ಒಲೆಯ ಹತ್ತಿರದ ಕಪಾಟಿನಲ್ಲಿಡಿ. ವಾರಕ್ಕೆ ಒಂದು ಒಡೆಯಿರಿ. ಮುರಿದರೆ ಶಬ್ದ ಬರಬೇಕು, ನಾಲಿಗೆಗೆ ಸಾಬೂನು ತಾಗಬಾರದು. ಎಂಟು ವಾರ ದಾಟಿದ್ದು ಮಾತ್ರ ಪೆಟ್ಟಿಗೆಗೆ. ಹಸಿ ತೆಂಗಿನಕಾಯಿ ಹಾಕಿದ ಯಾವುದೂ ನಮ್ಮಲ್ಲಿ ಎರಡನೇ ವಾರ ದಾಟಲಿಲ್ಲ. ಹಪ್ಪಳಕ್ಕೂ ಅದೇ ಲೆಕ್ಕ. ಬಗ್ಗುವ ಹಪ್ಪಳ ಬೂಸಲು ಹಿಡಿಯುತ್ತದೆ, ಟಕ್ ಅಂತ ಮುರಿಯುವ ಹಪ್ಪಳ ವರ್ಷ ಇರುತ್ತದೆ.

ತುಪ್ಪದ ಉಂಡೆಯನ್ನು ನಾನು ಬೇರೆ ಕಾರಣಕ್ಕೆ ಬಿಟ್ಟೆ. ಹಾಲು, ತುಪ್ಪ ಸೇರಿದ ತಿನಿಸು ಯುರೋಪಿಗೆ ಒಯ್ಯುವುದು ತುಂಬಾ ತೊಡಕಿನ ಕೆಲಸ. ಹಾಗಾದರೆ ಹೆಸರಿಟ್ಟುಂಡೆ ಇಲ್ಲದ ಅಷ್ಟಮಿಯಾ? ಅತ್ತಿಗೆಯೇ ಉಪಾಯ ಹೇಳಿದರು: "ಉಂಡೆ ಯಾಕೆ ಕಳಿಸುವುದು? ಹುರಿದ ಹಿಟ್ಟು ಕಳಿಸುವ. ತುಪ್ಪ ಅಲ್ಲಿ ಸಿಗುತ್ತದಲ್ಲ." ಹಾಗೇ ಮಾಡಿದೆವು. ಹೆಸರುಬೇಳೆ ಕೆಂಪಗೆ ಹುರಿದು ಬೀಸಿದ ಹಿಟ್ಟು, ಸಕ್ಕರೆ ಪುಡಿ, ಏಲಕ್ಕಿ ಒಂದು ಪ್ಯಾಕೆಟ್‌ನಲ್ಲಿ. ಜರ್ಮನಿಯಲ್ಲಿ ತುಪ್ಪ ಬಿಸಿ ಮಾಡಿ ಸುರಿದು ಅವರೇ ಉಂಡೆ ಕಟ್ಟುತ್ತಾರೆ. ಕೆಡುವ ಭಯ ಇಲ್ಲ, ಒಡೆಯುವ ಭಯವೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ಆ ದಿನ ತುಪ್ಪ ಮತ್ತು ಹೆಸರಿಟ್ಟಿನ ಪರಿಮಳ ಬರುತ್ತದೆ, ಮಕ್ಕಳ ಕೈಗೆ ಹಿಟ್ಟು ಅಂಟುತ್ತದೆ. ಪೆಟ್ಟಿಗೆಯಲ್ಲಿ ಅತಿ ಹೆಚ್ಚು ಇಷ್ಟವಾದದ್ದು ಈ ಪ್ಯಾಕೆಟ್.

ಎಳ್ಳನ್ನೂ ಬಿಟ್ಟೆ. 2020ರಲ್ಲಿ ಭಾರತದ ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡ್ ಎಂಬ ರಾಸಾಯನಿಕ ಸಿಕ್ಕಿ ಯುರೋಪಿನಲ್ಲಿ ದೊಡ್ಡ ಗಲಾಟೆ ಆಯಿತು. ಅಂದಿನಿಂದ ತಪಾಸಣೆ ಬಿಗಿ. ನಲವತ್ತು ಪೆಟ್ಟಿಗೆಗೆ ಲ್ಯಾಬ್ ಪರೀಕ್ಷೆ ಮಾಡಿಸುವ ಶಕ್ತಿ ನನಗಿರಲಿಲ್ಲ. ಎಳ್ಳುಂಡೆಯ ಬದಲು ಬೆಲ್ಲದ ಅರಳುಂಡೆ, ಚಕ್ಕುಲಿಗೆ ಎಳ್ಳಿನ ಬದಲು ಜೀರಿಗೆ.

ಎರಡನೇ ವರ್ಷ ದಾರಿಯನ್ನೇ ಬದಲಿಸಿದೆ. ಮಂಗಳೂರಿನಲ್ಲಿ ಆಗಲೇ ರಫ್ತು ಮಾಡುತ್ತಿದ್ದ ಒಬ್ಬರ ಹೆಸರಿನಲ್ಲಿ, ಜರ್ಮನಿಯಲ್ಲಿ ಆಗಲೇ ಆಮದು ಮಾಡುತ್ತಿದ್ದ ಒಂದು ಇಂಡಿಯನ್ ಅಂಗಡಿಗೆ, ಎಲ್ಲವನ್ನೂ ಒಂದೇ ಕನ್‌ಸೈನ್‌ಮೆಂಟ್ ಮಾಡಿ ಕಳಿಸಿದೆವು. ರಫ್ತಿಗೆ ಆಮದು ರಫ್ತು ಮಾಡುವವರಿಗೆ ಸರ್ಕಾರ ಕೊಡುವ ಐಇಸಿ ನಂಬರ್ ಬೇಕು, ಎಫ್‌ಎಸ್‌ಎಸ್‌ಎಐಯ ಕೇಂದ್ರ ಲೈಸನ್ಸ್ ಬೇಕು. ಮಸಾಲೆ ಪುಡಿ ಸೇರಿಸಿದರೆ ಸ್ಪೈಸಸ್ ಬೋರ್ಡಿನ ನೋಂದಣಿಯೂ ಬೇಕು. ಮೊದಲ ವರ್ಷವೇ ಇದನ್ನೆಲ್ಲ ನೀವು ಮಾಡಿಸುವ ಬದಲು ಇರುವವರ ಜೊತೆ ಸೇರಿಕೊಳ್ಳಿ. ಅವರ ಪಾಲು ಅವರಿಗೆ ಕೊಡಿ. ಹಿತ್ತಾಳೆ ದೀಪ, ಬತ್ತಿ, ಮಕ್ಕಳ ಪುಸ್ತಕ ಮೇ ತಿಂಗಳಲ್ಲೇ ಹಡಗಿನಲ್ಲಿ ಹೋಗುತ್ತದೆ. ಕೆಂಪು ಸಮುದ್ರದ ಗಲಾಟೆ ಶುರುವಾದ ಮೇಲೆ ಹಡಗುಗಳು ಆಫ್ರಿಕಾ ಸುತ್ತಿ ಹೋಗಿದ್ದೂ ಇದೆ, ಅದಕ್ಕೇ ನಾನು ಎರಡು ತಿಂಗಳು ಹಿಡಿದೇ ಲೆಕ್ಕ ಹಾಕುತ್ತೇನೆ. ತಿಂಡಿ ಮಾತ್ರ ಜುಲೈ ಕೊನೆಯಲ್ಲಿ ವಿಮಾನದಲ್ಲಿ. ಕರ್ಪೂರ ಆ ಅಂಗಡಿಯಲ್ಲೇ ಸಿಗುತ್ತದೆ. ಅಲ್ಲಿ ಹಡಗಿನದ್ದು, ವಿಮಾನದ್ದು ಎರಡೂ ಸೇರಿಸಿ, ಪೆಟ್ಟಿಗೆ ಕಟ್ಟಿ, ಆ ದೇಶದ ಅಂಚೆಯಲ್ಲೇ ಕಳಿಸಿದರೆ ಎರಡು ಮೂರು ದಿನದಲ್ಲಿ ಮನೆ ಮುಟ್ಟುತ್ತದೆ. ಬಾಗಿಲಲ್ಲಿ ಯಾರೂ ದುಡ್ಡು ಕೇಳುವುದಿಲ್ಲ.

ಲೇಬಲ್ ಜರ್ಮನ್ ಭಾಷೆಯಲ್ಲಿರಬೇಕು, ಆಮದು ಮಾಡಿದವರ ವಿಳಾಸ ಇರಬೇಕು, ಅಲರ್ಜಿ ತರುವ ಪದಾರ್ಥ ಎದ್ದು ಕಾಣಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ. ಹಲಸಿನ ಹಪ್ಪಳಕ್ಕೆ ಗೋಧಿ ಎಲ್ಲಿಂದ ಬಂತು ಅಂತ ಕೇಳಬಹುದು. ಇಂಗಿನಿಂದ! ಅಂಗಡಿಯ ಇಂಗಿನಲ್ಲಿ ಹೆಚ್ಚಾಗಿ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆ. ನಾವು ಇಂಗು ಹಾಕಿ ಗೋಧಿ ಅಂತ ಬರೆಯದೆ ಇದ್ದರೆ, ಗೋಧಿ ಆಗದ ಮಗುವಿನ ಹೊಟ್ಟೆಗೆ ಅದು ಹೋಗುತ್ತದೆ. ಇಂಗಿನ ಡಬ್ಬಿ ತಿರುಗಿಸಿ ಓದಿ. ಪ್ಯಾಕಿಂಗ್ ಮಾಡಿ ಮಾರುವವರು 'LUCID' ಎಂಬ ನೋಂದಣಿಯನ್ನೂ ಮಾಡಬೇಕು, ಅದು ಆನ್‌ಲೈನ್‌ನಲ್ಲೇ ಆಗುತ್ತದೆ.

ದುಡ್ಡಿನ ಲೆಕ್ಕ ಮುಚ್ಚಿಡುವುದಿಲ್ಲ. ಆ ವರ್ಷ ಎಂಬತ್ತು ಪೆಟ್ಟಿಗೆ, ಒಂದಕ್ಕೆ 49 ಯೂರೋ. ನಮ್ಮ ದುಡ್ಡಿನಲ್ಲಿ ತೆರಿಗೆ ಕಳೆದು ಸುಮಾರು 4,500 ರೂಪಾಯಿ ಕೈಗೆ. ಸಾಮಾನು ಮತ್ತು ಪ್ಯಾಕಿಂಗ್‌ಗೆ 1,100, ವಿಮಾನ ಮತ್ತು ಎರಡೂ ಕಡೆಯ ಕಸ್ಟಮ್ಸ್ ಕೆಲಸಕ್ಕೆ 1,250, ಅಲ್ಲಿಯ ಅಂಚೆಗೆ 800, ಅಂಗಡಿಯವರಿಗೆ 500. ಒಡೆದದ್ದು, ಉಳಿದದ್ದು ಸೇರಿ 150. ಉಳಿದದ್ದು ಪೆಟ್ಟಿಗೆಗೆ 700. ಒಟ್ಟು 56,000 ರೂಪಾಯಿ, ಅದೂ ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ದುಡಿಮೆಗೆ. ಒಂದೇ ಹಬ್ಬದಿಂದ ಮನೆ ನಡೆಯುವುದಿಲ್ಲ. ಆದರೆ ಅದೇ ಎಂಬತ್ತು ಮನೆ ದೀಪಾವಳಿಗೂ ಬಿಸುವಿಗೂ ಕೇಳುತ್ತದೆ, ಮತ್ತೆ ಗಿರಾಕಿ ಹುಡುಕುವ ಕೆಲಸ ಇಲ್ಲ. ದೀಪಾವಳಿಗೆ ಎಲ್ಲರೂ ಅಲ್ಲೇ ಇರುತ್ತಾರೆ, ಆಗ ಪೆಟ್ಟಿಗೆಯೂ ಜಾಸ್ತಿ ಹೋಗುತ್ತದೆ.

ಕನ್ನಡ ಕ್ಲಾಸಿನ ಬಗ್ಗೆ. ಅದು ತಾನಾಗಿ ಹುಟ್ಟಿದ್ದು ಪೆಟ್ಟಿಗೆಯಿಂದಲೇ. ನಮ್ಮ ಕಡೆಯ ಮಕ್ಕಳಿಗೆ ಕನ್ನಡ ಕಲಿಸುವುದರಲ್ಲಿ ಒಂದು ವಿಶೇಷ ಕಷ್ಟ ಇದೆ. ಮನೆಯಲ್ಲಿ ತುಳು, ಇಲ್ಲ ಕೊಂಕಣಿ, ಇಲ್ಲ ಬ್ಯಾರಿ, ಇಲ್ಲ ಕುಂದಗನ್ನಡ. ಪುಸ್ತಕದ ಕನ್ನಡ ಅಜ್ಜಿಯ ಬಾಯಲ್ಲಿ ಇಲ್ಲ. ಒಬ್ಬ ಹುಡುಗ ನನ್ನನ್ನೇ ಕೇಳಿದ: "ನಮ್ಮ ಅಜ್ಜಿ ಹೀಗೆ ಮಾತಾಡುವುದಿಲ್ಲ, ಮತ್ತೆ ನಾನು ಯಾಕೆ ಕಲಿಯಬೇಕು?" ಅವನ ಪ್ರಶ್ನೆ ಸರಿ. ಆಮೇಲೆ ನಾವು ಮಾತಿನಿಂದ ಅಲ್ಲ, ಅಕ್ಷರದಿಂದ ಶುರು ಮಾಡಿದೆವು. ಕನ್ನಡ ಅಕ್ಷರ ಬಂದರೆ ಅಜ್ಜಿಯ ತುಳುವನ್ನೂ ಬರೆಯಬಹುದು, ಕೊಂಕಣಿಯನ್ನೂ ಬರೆಯಬಹುದು. ಪೆಟ್ಟಿಗೆಯ ಪ್ಯಾಕೆಟ್ಟಿನ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಹೆಸರು ಹಾಕಿಸಿದೆ. ಹಪ್ಪಳ, ಚಕ್ಕುಲಿ, ಬೆಲ್ಲ, ಅಕ್ಕಿ, ಏಲಕ್ಕಿ. ಎಲ್ಲದರಲ್ಲೂ ಒತ್ತಕ್ಷರ ಇದೆ ನೋಡಿ! ಮಕ್ಕಳಿಗೆ ಅತಿ ಕಷ್ಟದ ಒತ್ತು ಇಡೀ ನಮ್ಮ ಅಡುಗೆಮನೆಯಲ್ಲೇ ಕೂತಿದೆ. ಉಂಡೆ ಕಟ್ಟುವ ಕ್ರಮವನ್ನೂ ನಾಲ್ಕೇ ಸಾಲಿನಲ್ಲಿ ಕನ್ನಡದಲ್ಲಿ ಬರೆದು ಹಾಕಿದೆ. ಓದಿದರೆ ಮಾತ್ರ ಉಂಡೆ.

ಉಡುಪಿಯಲ್ಲಿ ನಿವೃತ್ತರಾದ ಒಬ್ಬರು ಟೀಚರ್ ಶನಿವಾರ ಸಂಜೆ ಏಳಕ್ಕೆ ಕೂರುತ್ತಾರೆ. ಅಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನ ಮೂರೂವರೆ, ಚಳಿಗಾಲದಲ್ಲಿ ಎರಡೂವರೆ. ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಬದಲಾಗುತ್ತದೆ, ಅದರ ಹಿಂದಿನ ದಿನವೇ ಎಲ್ಲರಿಗೂ ನೆನಪಿಸಬೇಕು. ಐದಕ್ಕಿಂತ ಜಾಸ್ತಿ ಮಕ್ಕಳು ಬೇಡ, ನಲವತ್ತು ನಿಮಿಷಕ್ಕಿಂತ ಜಾಸ್ತಿ ಹೊತ್ತೂ ಬೇಡ. ಫೀಸಿನ ಹೆಚ್ಚಿನ ಪಾಲು ಟೀಚರಿಗೆ ಹೋಗಲಿ.

ಹೊರಡುವ ಮೊದಲು ನಿಮಗೆ ಇನ್ನೂ ಸಮಯ ಇದೆ. ನಾನು ಮೇ 20ರವರೆಗೆ ಇಲ್ಲೇ ಇರುತ್ತೇನೆ. ಬಿಜೈಯಿಂದ ಕಟಪಾಡಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆ. ಬೆಳಿಗ್ಗೆ ಬೇಗ ಬನ್ನಿ, ಬಿಸಿಲೇರುವ ಮೊದಲು ಹಪ್ಪಳ ಒತ್ತುವುದನ್ನು ನೋಡಬಹುದು. ಬರುವಾಗ ನಿಮ್ಮ ಅಮ್ಮನ ಮನೆಯಲ್ಲಿ ಮಾಡುವ ಯಾವುದಾದರೂ ಒಂದು ಒಣ ತಿಂಡಿ ತನ್ನಿ. ಅತ್ತಿಗೆಯ ಸೀಲಿಂಗ್ ಮೆಷಿನ್‌ನಲ್ಲಿ ಎಂಟು ಪೌಚ್ ಮಾಡಿ ಕೊಡುತ್ತೇನೆ. ಮನೆಗೆ ಒಯ್ದು ಒಲೆ ಹತ್ತಿರದ ಕಪಾಟಿನಲ್ಲಿಡಿ. ನೀವು ವಿಮಾನ ಹತ್ತುವ ಹೊತ್ತಿಗೆ ಎಂಟು ವಾರ ಆಗಿರುತ್ತದೆ.